ಬಿಲ್ಲಿನಲ್ಲಿದ್ದ ತೆರಿಗೆಯೆಲ್ಲ ಕ್ರೆಡಿಟ್ ಅಲ್ಲ

ವ್ಯಾಪಾರಿಯು ಮಾರಾಟದ ಮೇಲೆ ವಸೂಲು ಮಾಡಿದ ಜಿಎಸ್‌ಟಿಯಿಂದ, ಖರೀದಿಯ ಮೇಲೆ ತಾನು ಕೊಟ್ಟ ಜಿಎಸ್‌ಟಿಯನ್ನು ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಹೀಗೆ ಕಳೆಯುವ ಮೊತ್ತವೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಆದರೆ ಸಿಜಿಎಸ್‌ಟಿ ಕಾಯ್ದೆ, 2017ರ ಸೆಕ್ಷನ್ 17(5) ಕೆಲವು ಖರೀದಿಗಳಿಗೆ ಈ ಕ್ರೆಡಿಟ್ ಕೊಡುವುದಿಲ್ಲ. ಕಾರು, ಊಟ-ತಿಂಡಿ ಮತ್ತು ಸ್ವಂತ ಬಳಕೆಯ ವಸ್ತುಗಳು ಅವುಗಳಲ್ಲಿ ಮುಖ್ಯವಾದವು.

ಒಂದು ಫರ್ನಿಚರ್ ಅಂಗಡಿಯ ಉದಾಹರಣೆ ನೋಡೋಣ. ಒಂದು ತಿಂಗಳಲ್ಲಿ ಮಾರಾಟ ರೂ. 10,00,000. ಅದರ ಮೇಲೆ 18% ತೆರಿಗೆ (ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸೇರಿ) ರೂ. 1,80,000. ಅದೇ ತಿಂಗಳ ಖರೀದಿಗಳು ಹೀಗಿವೆ:

1. ಫರ್ನಿಚರ್ ರೂ. 6,00,000, ತೆರಿಗೆ ರೂ. 1,08,000. ಇದರಲ್ಲಿ ರೂ. 40,000 ಬೆಲೆಯ ಸೋಫಾವನ್ನು ಮಾಲೀಕರು ಮನೆಗೆ ಒಯ್ದರು. ಅದರ ತೆರಿಗೆ ರೂ. 7,200.
2. ಮಾಲೀಕರು ಓಡಾಡಲು ಸಣ್ಣ ಕಾರು ರೂ. 5,00,000, ತೆರಿಗೆ 18% ರೂ. 90,000.
3. ಕೆಲಸಗಾರರಿಗೆ ಕೇಟರಿಂಗ್ ಊಟ ರೂ. 20,000, ತೆರಿಗೆ 5% ರೂ. 1,000.

ಎಲ್ಲವನ್ನೂ ಕೂಡಿದರೆ ಕ್ರೆಡಿಟ್ ರೂ. 1,99,000 ಆಗುತ್ತದೆ. ಕಟ್ಟಬೇಕಾದ್ದು ಏನೂ ಇಲ್ಲ, ರೂ. 19,000 ಮುಂದಿನ ತಿಂಗಳಿಗೂ ಉಳಿಯಿತು ಎಂದು ಕಾಣುತ್ತದೆ. ಆದರೆ ಕಾರಿನ 90,000, ಊಟದ 1,000, ಸೋಫಾದ 7,200 ಸಿಗುವುದಿಲ್ಲ. ಸಿಗುವ ಕ್ರೆಡಿಟ್ ರೂ. 1,00,800 ಮಾತ್ರ. ಆದ್ದರಿಂದ ಕಟ್ಟಬೇಕಾದ ತೆರಿಗೆ ರೂ. 79,200.

ಕಾರನ್ನು ಅಂಗಡಿಯ ಕೆಲಸಕ್ಕೇ ಬಳಸಿದರೂ ಕ್ರೆಡಿಟ್ ಇಲ್ಲ. ಚಾಲಕ ಸೇರಿ 13 ಜನರವರೆಗೆ ಕೂರುವ ಪ್ರಯಾಣಿಕ ವಾಹನಗಳಿಗೆ ಈ ತಡೆ ಇದೆ. ಕಾರು ಮಾರುವ ಡೀಲರ್, ಟ್ಯಾಕ್ಸಿ ನಡೆಸುವವರು, ಡ್ರೈವಿಂಗ್ ಶಾಲೆಯವರು ಇದಕ್ಕೆ ಹೊರತು. ನಮ್ಮ ಅಂಗಡಿಯವರು ಅದೇ ಬೆಲೆಗೆ, ಅದೇ ದರದ ತೆರಿಗೆ ಕೊಟ್ಟು ಸರಕು ಸಾಗಿಸುವ ಟೆಂಪೋ ಕೊಂಡಿದ್ದರೆ ರೂ. 90,000 ಪೂರ್ತಿ ಸಿಗುತ್ತಿತ್ತು. ಊಟಕ್ಕೂ ಒಂದು ವಿನಾಯಿತಿ ಇದೆ: ಕಾನೂನೇ ಕಡ್ಡಾಯ ಮಾಡಿದ ಕಾರ್ಖಾನೆ ಕ್ಯಾಂಟೀನಿನಂಥ ಕಡೆ ಕ್ರೆಡಿಟ್ ಸಿಗುತ್ತದೆ.

ಸಿಗದ ತೆರಿಗೆ ಲೆಕ್ಕದಿಂದ ಮಾಯವಾಗುವುದಿಲ್ಲ, ವಸ್ತುವಿನ ವೆಚ್ಚಕ್ಕೆ ಸೇರುತ್ತದೆ. ಕಾರು ಆಸ್ತಿ ಖಾತೆಯಲ್ಲಿ ರೂ. 5,90,000 ಆಗುತ್ತದೆ, ಸವಕಳಿಯೂ ಆ ಮೊತ್ತದ ಮೇಲೆಯೇ. ಊಟ ರೂ. 21,000 ಸಿಬ್ಬಂದಿ ಕಲ್ಯಾಣ ವೆಚ್ಚ. ಸೋಫಾಕ್ಕೆ ಜರ್ನಲ್ ನಮೂದು ಹೀಗಿರುತ್ತದೆ: ಡ್ರಾಯಿಂಗ್ಸ್ ಖಾತೆಗೆ ಡೆಬಿಟ್ ರೂ. 47,200, ಖರೀದಿ ಖಾತೆಗೆ ಕ್ರೆಡಿಟ್ 40,000, ಇನ್‌ಪುಟ್ ಸಿಜಿಎಸ್‌ಟಿಗೆ 3,600, ಇನ್‌ಪುಟ್ ಎಸ್‌ಜಿಎಸ್‌ಟಿಗೆ 3,600. ಡ್ರಾಯಿಂಗ್ಸ್‌ಗೆ ಬರೀ 40,000 ಬರೆದರೆ ತೆರಿಗೆ ಇನ್‌ಪುಟ್ ಖಾತೆಯಲ್ಲೇ ಉಳಿದು, ಕಟ್ಟುವ ತೆರಿಗೆ ರೂ. 7,200 ಕಡಿಮೆ ತೋರಿಸುತ್ತದೆ.

ಪೋರ್ಟಲ್‌ನ GSTR-2B ಪಟ್ಟಿಯಲ್ಲಿ ಈ ಬಿಲ್ಲುಗಳೂ ಬರುತ್ತವೆ. ಸೋಫಾ ಮನೆಗೆ ಹೋಯಿತೆಂಬುದು ಪೋರ್ಟಲ್‌ಗೆ ತಿಳಿಯದು. ವ್ಯಾಪಾರಿಯೇ GSTR-3Bಯ 4(B)(1)ರಲ್ಲಿ ಅದನ್ನು ಹಿಂತಿರುಗಿಸಿ ತೋರಿಸಬೇಕು. ತಪ್ಪಾಗಿ ಪಡೆದು ಬಳಸಿಕೊಂಡ ಕ್ರೆಡಿಟ್‌ಗೆ ವರ್ಷಕ್ಕೆ 18% ಬಡ್ಡಿ ಬೀಳುತ್ತದೆ.