ನಲವತ್ತೊಂದೂಕಾಲು ಗಂಟೆಯ ಲೆಕ್ಕ

ಬಾಗಲೂರಿನಲ್ಲಿ ಕೂತು ಬೆಂಗಳೂರಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹೊಸೂರು ಕಡೆಯ ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಕನ್ನಡ ಓದಿ ತಿದ್ದಬಲ್ಲೆ ಎಂಬ ಕಾರಣಕ್ಕೇ ಕೆಲವು ಪ್ರಕಾಶಕರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಗಂಟೆ ಲೆಕ್ಕದ ಕೆಲಸವಾದ್ದರಿಂದ ಕಂಪ್ಯೂಟರಿನಲ್ಲಿ ಟೈಮ್ ಟ್ರ್ಯಾಕರ್ ಇಟ್ಟುಕೊಂಡಿದ್ದೇನೆ. ಕೆಲಸಕ್ಕೆ ಕೂತಾಗ ಒತ್ತಿದರೆ ಗಡಿಯಾರ ಓಡುತ್ತದೆ, ಎದ್ದಾಗ ಒತ್ತಿದರೆ ನಿಲ್ಲುತ್ತದೆ. ತಿಂಗಳ ಕೊನೆಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ವರದಿ ಸಿಗುತ್ತದೆ.

ಒಬ್ಬ ಪ್ರಕಾಶಕರ ಕೆಲಸಕ್ಕೆ ಮೂವತ್ತು ಗಂಟೆ ಬೇಕಾಗಬಹುದೆಂದು ಕೊಟೇಶನ್ ಕೊಟ್ಟಿದ್ದೆ. ಗಂಟೆಗೆ 600 ರೂಪಾಯಿ, ಒಟ್ಟು 18,000. ಕೆಲಸ ಮುಗಿದಾಗ ಟ್ರ್ಯಾಕರ್ ತೋರಿಸಿದ್ದು 41:15. ಬಿಲ್ 24,750 ರೂಪಾಯಿ. ನಡುವೆ ಗಂಟೆ ಹೆಚ್ಚಾಗುತ್ತಿದೆ ಎಂದು ಫೋನ್ ಮಾಡಿ ಹೇಳಿದ್ದೆ, ಅವರೂ "ಮುಂದುವರಿಸಿ" ಎಂದಿದ್ದರು. ಆದರೆ ಬಿಲ್ ನೋಡಿ ಹಣ ಕಳಿಸುವವರು ಅವರ ಲೆಕ್ಕಪತ್ರ ನೋಡಿಕೊಳ್ಳುವ ಮಗ. ಫೋನಿನಲ್ಲಿ ಆದ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. "ಮೂವತ್ತು ಅಂದದ್ದು ನಲವತ್ತೊಂದು ಹೇಗಾಯ್ತು ಸರ್?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ನಮ್ಮ ಕೆಲಸವನ್ನು ಕಣ್ಣಾರೆ ನೋಡಿರದ, ನಮ್ಮ ಜೊತೆ ಮಾತಾಡಿರದ ಒಬ್ಬರು ಟ್ರ್ಯಾಕರ್ ವರದಿಯ ಸ್ಕ್ರೀನ್‌ಶಾಟನ್ನು ಫೋನಿನಲ್ಲಿ ತೆರೆದು ನೋಡುತ್ತಾರೆ ಎಂದುಕೊಂಡೇ ಅದನ್ನು ತಯಾರಿಸಬೇಕು ಎಂಬುದು ನನಗೆ ಮನದಟ್ಟಾದದ್ದು ಅಲ್ಲಿ. ಟ್ರ್ಯಾಕರಿನಲ್ಲಿ ಎರಡು ಬಗೆಯ ವರದಿ ಇರುತ್ತದೆ. ವಿವರ ವರದಿಯಲ್ಲಿ ಪ್ರತಿ ಸಲ ಗಡಿಯಾರ ಒತ್ತಿದ್ದಕ್ಕೆ ಒಂದೊಂದು ಸಾಲು. ಪುಟಗಟ್ಟಲೆ ಹೋಗುತ್ತದೆ, ಯಾರೂ ಓದುವುದಿಲ್ಲ. ಸಾರಾಂಶ ವರದಿಯಲ್ಲಿ ಕೆಲಸವಾರು ಮೊತ್ತ. ನಾನು ಕಳಿಸಿದ್ದು ಸಾರಾಂಶ. ಅದರ ಸಾಲುಗಳು ಕೊಟೇಶನ್ನಿನಲ್ಲಿದ್ದ ನಾಲ್ಕು ಸಾಲುಗಳೇ, ಅದೇ ಹೆಸರಿನಲ್ಲಿ, ಅದೇ ಕ್ರಮದಲ್ಲಿ. ಹಾಗಿದ್ದರೆ ಓದುವವರು ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಹೋಲಿಸಬಹುದು. ಟ್ರ್ಯಾಕರಿನಲ್ಲಿ ಕೆಲಸಗಳಿಗೆ ಹೆಸರಿಡುವಾಗಲೇ ಕೊಟೇಶನ್ ತೆರೆದಿಟ್ಟುಕೊಳ್ಳುವುದು ಇದಕ್ಕಾಗಿ.

ಚಿತ್ರ ತೆಗೆಯುವ ಮುನ್ನ ವಿವರ ವರದಿಯನ್ನು ನಾನೊಮ್ಮೆ ಪೂರ್ತಿ ಓದುತ್ತೇನೆ. ನಮ್ಮಲ್ಲಿ ಕರೆಂಟು ಹೋಗಿ ಇಂಟರ್‌ನೆಟ್ ನಿಂತರೂ ಟ್ರ್ಯಾಕರಿನ ಗಡಿಯಾರ ನಿಲ್ಲುವುದಿಲ್ಲ. ಶುರುವಾದ ಹೊತ್ತನ್ನು ಅದು ತನ್ನ ಸರ್ವರಿನಲ್ಲಿ ಬರೆದಿಟ್ಟುಕೊಂಡಿರುತ್ತದೆ, ನಾವು ನಿಲ್ಲಿಸು ಎನ್ನುವವರೆಗೂ ಎಣಿಸುತ್ತಲೇ ಇರುತ್ತದೆ. ಒಂದೇ ಸಾಲು ನಾಲ್ಕೈದು ಗಂಟೆ ತೋರಿಸಿದರೆ, ಅಥವಾ ಊಟದ ಹೊತ್ತನ್ನು ದಾಟಿ ಹೋಗಿದ್ದರೆ, ಅದೇ ಗುರುತು. ಅಂಥ ಸಾಲನ್ನು ಕತ್ತರಿಸಿ ಸರಿಪಡಿಸಿದ ಮೇಲೆಯೇ ಮೊತ್ತ.

ಚಿತ್ರದಲ್ಲಿ ಮೂರು ಕಾಣಲೇಬೇಕು: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಪ್ರಾಜೆಕ್ಟ್, ಒಟ್ಟು ಎಷ್ಟು. ಕಾಣಲೇಬಾರದ್ದು ಎಡಗಡೆಯ ಪಟ್ಟಿ, ಯಾಕೆಂದರೆ ಬೇರೆ ಗಿರಾಕಿಗಳ ಹೆಸರು ಅಲ್ಲಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ಇನ್ನೊಂದು ಸಣ್ಣ ವಿಷಯವೇ ಅತಿ ಹೆಚ್ಚು ಅನುಮಾನ ಹುಟ್ಟಿಸುವುದು. 41:15 ಎಂದರೆ ನಲವತ್ತೊಂದು ಗಂಟೆ ಹದಿನೈದು ನಿಮಿಷ, ಅಂದರೆ 41.25 ಗಂಟೆ. ಕ್ಯಾಲ್ಕ್ಯುಲೇಟರಿನಲ್ಲಿ 41.15 ಎಂದು ಒತ್ತಿ 600ರಿಂದ ಗುಣಿಸಿದರೆ 24,690 ಬರುತ್ತದೆ. ಬಿಲ್ಲಿಗೂ ಅದಕ್ಕೂ 60 ರೂಪಾಯಿ ವ್ಯತ್ಯಾಸ. ಆರು ಸಾವಿರದ ಏಳುನೂರ ಐವತ್ತರ ಹೆಚ್ಚುವರಿಗೆ ಕಾರಣ ಕೇಳುತ್ತಿರುವವರಿಗೆ ಈ ಅರವತ್ತು ಕಣ್ಣಿಗೆ ಬಿದ್ದರೆ ಉಳಿದ ಲೆಕ್ಕವೂ ಹೀಗೇ ಇರಬಹುದು ಎನಿಸುತ್ತದೆ. ಆದ್ದರಿಂದ ಗುಣಾಕಾರವನ್ನು ನಾನೇ ಬರೆದು ತೋರಿಸುತ್ತೇನೆ.

ಆದರೆ ಸ್ಕ್ರೀನ್‌ಶಾಟ್ ಎಷ್ಟು ಗಂಟೆ ಎಂದು ಹೇಳುತ್ತದೆಯೇ ಹೊರತು ಯಾಕೆ ಎಂದು ಹೇಳುವುದಿಲ್ಲ. ಅದನ್ನು ಮಾತಿನಲ್ಲೇ ಹೇಳಬೇಕು. ನಾನು ಬರೆದದ್ದು ಹೀಗಿತ್ತು:

"ನಮಸ್ಕಾರ ಸರ್. ನೀವು ಕೇಳಿದ ಗಂಟೆಗಳ ವಿವರ ಜೊತೆಗಿದೆ. ಪುಟಗಳ ವಿನ್ಯಾಸ: ಅಂದಾಜು 12 ಗಂಟೆ, ಆದದ್ದು 12:30. ಪುಸ್ತಕ ಪಟ್ಟಿ ಮತ್ತು ಹುಡುಕಾಟ: ಅಂದಾಜು 10, ಆದದ್ದು 9:45. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವುದು: ಅಂದಾಜು 4, ಆದದ್ದು 14:30. ತಿದ್ದುಪಡಿ: ಅಂದಾಜು 4, ಆದದ್ದು 4:30. ಒಟ್ಟು 41 ಗಂಟೆ 15 ನಿಮಿಷ, ಅಂದರೆ 41.25 × 600 = 24,750. ಹೆಚ್ಚಾದದ್ದು ಬಹುಪಾಲು ಮೂರನೆಯ ಸಾಲಿನಲ್ಲಿ. 200 ಪುಸ್ತಕ ಪರಿಚಯಗಳಲ್ಲಿ ಕೆಲವು ನುಡಿಯಲ್ಲಿ, ಕೆಲವು ಶ್ರೀಲಿಪಿಯಲ್ಲಿ ಇದ್ದವು. ಪರಿವರ್ತಿಸಿದ ಮೇಲೆ ಒಂದೊಂದನ್ನೂ ಓದಿ ತಿದ್ದಬೇಕಾಯಿತು. ಒಂದಕ್ಕೆ ಸುಮಾರು ನಾಲ್ಕೂವರೆ ನಿಮಿಷ ಹಿಡಿದಿದೆ. ಒಂದು ಪರಿಚಯದ ಮೊದಲಿನ ಮತ್ತು ನಂತರದ ರೂಪ ಎರಡನ್ನೂ ಲಗತ್ತಿಸಿದ್ದೇನೆ. ಯಾವ ಸಾಲಿನ ಬಗ್ಗೆ ಪ್ರಶ್ನೆಯಿದ್ದರೂ ಫೋನ್ ಮಾಡಿ."

ಆ ಎರಡನೆಯ ಲಗತ್ತಿನ ಬಗ್ಗೆ ಎರಡು ಮಾತು ಹೇಳಬೇಕು. ಹಳೆಯ ನುಡಿ ಕಡತದಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ, ಅಕ್ಷರದ ಚೂರುಗಳಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಎಂಬುದು PÀ£ÀßqÀ ಎಂದು ಕಾಣುತ್ತದೆ. ಸೂರ್ಯ ಎಂಬುದು ¸ÀÆAiÀÄð. ಕೊನೆಯ ð ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮದಲ್ಲಿ ಅದು ಯಕಾರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ಸರಿಯಾಗಿ ತಿರುಗಿಸುತ್ತದೆ. ಆದರೆ ನಡುವೆ ಇಂಗ್ಲಿಷ್ ಹೆಸರೊಂದು ಬಂದರೆ ಅದನ್ನೂ ಕನ್ನಡದ ಚೂರು ಎಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ. ಶ್ರೀಲಿಪಿಯ ಸಂಕೇತಗಳೇ ಬೇರೆ. ನುಡಿಯ ಪರಿವರ್ತಕಕ್ಕೆ ಅದನ್ನು ಕೊಟ್ಟರೆ ಒಂದು ಪದವೂ ಉಳಿಯುವುದಿಲ್ಲ. ಇಷ್ಟೆಲ್ಲ ವಿವರಣೆಯನ್ನು ಲೆಕ್ಕ ನೋಡುವವರಿಗೆ ಕೊಡಬೇಕಿಲ್ಲ. ಮೊದಲಿನ ಗೋಜಲು ಸಾಲು, ಕೆಳಗೆ ತಿದ್ದಿದ ಸಾಲು ಕಂಡರೆ ಸಾಕು.

ಇದನ್ನು ಲಗತ್ತಿಸಲು ಇನ್ನೊಂದು ಕಾರಣವೂ ಇದೆ. ನನ್ನ ಟ್ರ್ಯಾಕರಿನ ವರದಿ ನಾನೇ ಬರೆದುಕೊಂಡ ಲೆಕ್ಕ, ಸಾಲುಗಳನ್ನು ನಾನೇ ತಿದ್ದಬಲ್ಲೆ. ಅಪ್‌ವರ್ಕ್‌ನಂಥ ತಾಣದಲ್ಲಿ ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ ಪರದೆಯ ಚಿತ್ರ ತಾನಾಗಿ ದಾಖಲಾಗುತ್ತದೆ. ಅಲ್ಲಿಯೂ ಕೈಯಾರೆ ಸೇರಿಸಿದ ಗಂಟೆಗಳಿಗೆ ಹಣದ ಖಾತ್ರಿ ಇಲ್ಲ. ಪರಿಚಯದ ಮೇಲೆ ನಡೆಯುವ ನಮ್ಮ ವ್ಯವಹಾರದಲ್ಲಿ ಆ ಕಾವಲೂ ಇಲ್ಲ. ಆದ್ದರಿಂದ ಗಂಟೆಯ ಪಕ್ಕದಲ್ಲಿ ಆ ಗಂಟೆಯಲ್ಲಿ ಆದ ಕೆಲಸವನ್ನೂ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. "200ಕ್ಕೆ ಹದಿನಾಲ್ಕೂವರೆ ಗಂಟೆ" ಎಂಬ ಭಾಗಾಕಾರವನ್ನು ಯಾರು ಬೇಕಾದರೂ ಒಂದು ಪರಿಚಯವನ್ನು ತಾವೇ ಓದಿ ಪರೀಕ್ಷಿಸಬಹುದು. ಹಾಗೆಯೇ ಕಡಿಮೆಯಾದ ಸಾಲನ್ನೂ ಬಿಡಬಾರದು. ಎರಡನೆಯ ಸಾಲಿನಲ್ಲಿ ಕಾಲು ಗಂಟೆ ಉಳಿದದ್ದು ಹಣದಲ್ಲಿ 150 ರೂಪಾಯಿ ಅಷ್ಟೆ, ಆದರೆ ಗಡಿಯಾರ ಎರಡೂ ಕಡೆಗೆ ನಡೆಯುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಪ್ರಕಾಶಕರ ಮಗ ಫೋನ್ ಮಾಡಿ ಕೇಳಿದ್ದು ಮೂರನೆಯ ಸಾಲಿನ ಬಗ್ಗೆ ಮಾತ್ರ. "ಶ್ರೀಲಿಪಿಯಲ್ಲಿ ಇನ್ನೂ ಎಷ್ಟೋ ಕಡತ ಇವೆ, ಅವಕ್ಕೂ ಹೀಗೇ ಆಗುತ್ತಾ?" ಎಂದರು. ಆಗುತ್ತದೆ ಎಂದೆ. ಬಿಲ್ ಪೂರ್ತಿ ಬಂತು. ಅಂದಿನಿಂದ ಹಳೆಯ ಕಡತಗಳಿರುವ ಕೆಲಸಕ್ಕೆ ನಾನು ಕೊಟೇಶನ್ ಕೊಡುವ ಕ್ರಮ ಬೇರೆ. ಎಲ್ಲ ಬಗೆಯ ಕಡತಗಳಿಂದಲೂ ಒಂದೆರಡು ಪುಟ ತರಿಸಿಕೊಂಡು, ಟೈಮರ್ ಒತ್ತಿ ಪರಿವರ್ತಿಸಿ ತಿದ್ದಿ, ಆ ವರದಿಯ ಸ್ಕ್ರೀನ್‌ಶಾಟನ್ನು ಕೊಟೇಶನ್ನಿನ ಜೊತೆಗೇ ಕಳಿಸುತ್ತೇನೆ. ಆ ಸಾಲಿಗೆ ಗಂಟೆಯ ಬದಲು ಪುಟಕ್ಕೆ ಇಷ್ಟು ಎಂದು ದರ ಬೇಕಾದರೆ ಅದನ್ನು ಅವರೇ ಆರಿಸಿಕೊಳ್ಳುತ್ತಾರೆ.