ಲೇಖಕರ ಪರಿಚಯ: ಪಟ್ಟಿಯೂ ಚಿತ್ರವೂ

ಸ್ಮರಣ ಸಂಚಿಕೆಗಳಲ್ಲಿ ಪ್ರತಿ ಲೇಖನದ ಅಡಿಯಲ್ಲಿ ಲೇಖಕರ ಪರಿಚಯವೊಂದು ಇರುತ್ತದೆ. ಪದವಿ, ಹುದ್ದೆ, ಕೃತಿ, ಪ್ರಶಸ್ತಿ ಎಂಬ ಕ್ರಮದಲ್ಲಿ ಸಾಗುವ ಆ ಸಾಲುಗಳನ್ನು ಓದಿ ಪುಟ ತಿರುವಿದೊಡನೆ ಮರೆಯುತ್ತೇವೆ. ಇದಕ್ಕೆ ಕಾರಣವೇನೆಂಬುದನ್ನು ನಮ್ಮ ಗಡಿನಾಡಿನ ಗೋವಿಂದ ಪೈಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ರೂಢಿಯ ಪರಿಚಯ ಹೀಗಿರುತ್ತದೆ: 'ಜನನ 1883. ಗಿಳಿವಿಂಡು, ಗೊಲ್ಗೊಥಾ, ವೈಶಾಖಿ, ಹೆಬ್ಬೆರಳು ಮುಂತಾದ ಕೃತಿಗಳ ಕರ್ತೃ. ಬಹುಭಾಷಾ ಪಂಡಿತರು. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಬಿರುದು. ನಿಧನ 1963.'

ಇದರಲ್ಲಿ ಸುಳ್ಳೊಂದೂ ಇಲ್ಲ. ಆದರೆ ಮನುಷ್ಯನೂ ಇಲ್ಲ. ರಾಷ್ಟ್ರಕವಿ ಬಿರುದು 1964ರಲ್ಲಿ ಕುವೆಂಪು ಅವರಿಗೂ 2006ರಲ್ಲಿ ಜಿ.ಎಸ್. ಶಿವರುದ್ರಪ್ಪನವರಿಗೂ ಸಂದಿತು. ಬಹುಭಾಷಾ ಪಂಡಿತರು ಹಲವರಿದ್ದಾರೆ. ಹೆಸರನ್ನೂ ಕೃತಿಗಳನ್ನೂ ಬೆರಳಿನಿಂದ ಮುಚ್ಚಿ ಓದಿದರೆ ಉಳಿದದ್ದು ಯಾರಿಗೂ ಒಪ್ಪುವಂತಿದೆ. ಮೇಲಾಗಿ ಪಟ್ಟಿಯಲ್ಲಿ ಎಲ್ಲ ಸಂಗತಿಗಳಿಗೂ ಒಂದೇ ತೂಕ. ಯಾವುದರಿಂದ ಯಾವುದು ಹುಟ್ಟಿತೆಂಬುದು ತಿಳಿಯದು. ಬಿರುದು ಇತರರು ಕೊಟ್ಟ ತೀರ್ಪಷ್ಟೆ. ಕವಿ ಮಾಡಿದ್ದೇನೆಂದು ಅದು ಹೇಳದು.

ಈಗ ಇನ್ನೊಂದು ಬಗೆ: 'ಬಿ.ಎ. ಪರೀಕ್ಷೆಯನ್ನು ನಡುವೆಯೇ ಬಿಟ್ಟು ಮದರಾಸಿನಿಂದ ಮರಳಿದ ಇವರು ಪದವಿ ಪಡೆಯಲಿಲ್ಲ. ಮಂಜೇಶ್ವರದ ಮನೆಯಲ್ಲಿ ಪುಸ್ತಕಗಳ ನಡುವೆಯೇ ಬಾಳಿದರು. ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಲೇಬೇಕೆಂಬ ಪ್ರಾಸದ ಕಟ್ಟನ್ನು 1911ರಲ್ಲಿ ಬಿಟ್ಟು ಕವಿತೆ ಬರೆದರು. ಕ್ರಿಸ್ತನ ಕೊನೆಯ ದಿನವನ್ನೂ ಬುದ್ಧನ ಕೊನೆಯ ರಾತ್ರಿಯನ್ನೂ ಕನ್ನಡದ ಖಂಡಕಾವ್ಯಗಳಾಗಿಸಿದರು.'

ಇಲ್ಲಿ ಬಿರುದಿಲ್ಲ, ಹೊಗಳಿಕೆಯೂ ಇಲ್ಲ. ಆದರೂ ಪದವಿಯಿಲ್ಲದೆ ಪಂಡಿತರಾದವರು, ಶತಮಾನಗಳ ಕಟ್ಟಳೆಯನ್ನು ಮುರಿದವರು ಎಂದು ವಾಚಕನೇ ಗ್ರಹಿಸುತ್ತಾನೆ. ಬಿಟ್ಟರು, ಬಾಳಿದರು, ಬರೆದರು ಎಂಬ ಕ್ರಿಯಾಪದಗಳೇ ಈ ಸಾಲುಗಳನ್ನು ನಡೆಸುತ್ತವೆ. ಪಟ್ಟಿಯಲ್ಲಿ ಕ್ರಿಯಾಪದವೇ ಇರಲಿಲ್ಲ.

ಜೀವಂತಿಕೆಯನ್ನು ತಪ್ಪಾಗಿ ತಿಳಿಯುವುದೂ ಉಂಟು. 'ಸರಳ ಸಜ್ಜನಿಕೆಯ ಸಾಕಾರ ಮೂರ್ತಿ' ಎಂಬಂತಹ ವಿಶೇಷಣವೂ ಬೆರಳು ಮುಚ್ಚಿದರೆ ಎಲ್ಲರಿಗೂ ಒಪ್ಪುವಂಥದೇ. ಬರಹಕ್ಕೆ ಸಂಬಂಧವಿಲ್ಲದ ತಮಾಷೆಯ ಪ್ರಸಂಗವೂ ಉಪಯೋಗಕ್ಕೆ ಬಾರದು. ಅಡಕೆ ಕೃಷಿಯ ಬಗ್ಗೆ ಬರೆದವರು ಸ್ವತಃ ಎಷ್ಟು ವರ್ಷ ತೋಟ ಮಾಡಿದ್ದಾರೆ ಎಂಬುದು ಬೇಕು. ಅವರು ಯಾವ ಸಂಘದ ಉಪಾಧ್ಯಕ್ಷರು ಎಂಬುದು ಅಲ್ಲಿ ಬೇಡ. (ಉಪಾಧ್ಯಕ್ಷರು ಮುನಿಸಿಕೊಂಡಾರು, ಆ ಮಾತು ಬೇರೆ!)

ಹಾಗೆಂದು ಪಟ್ಟಿಯನ್ನು ಸುಡಬೇಕಾಗಿಲ್ಲ. ಶಾಲೆಯ ಸಂಚಿಕೆ ಮುಂದಿನವರಿಗೆ ದಾಖಲೆಯೂ ಹೌದು. ಓದಿದ ವರ್ಷ, ಗ್ರಂಥಗಳ ಹೆಸರು, ಪ್ರಶಸ್ತಿಗಳು ಎಲ್ಲಾದರೂ ಉಳಿಯಬೇಕು. ಅವುಗಳನ್ನು ಸಂಚಿಕೆಯ ಕೊನೆಯಲ್ಲಿ ಅಕಾರಾದಿಯಾಗಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ, ಲೇಖನದ ಅಡಿಯ ಜಾಗವನ್ನು ಮೂರು ನಾಲ್ಕು ವಾಕ್ಯಗಳಿಗೆ ಬಿಟ್ಟುಕೊಡಬಹುದು.