ಸ್ಕೋರ್ ಶೀಟ್ ಪಕ್ಕದಲ್ಲಿರಲಿ, ಆಮೇಲೆ ಕೆಂಪು ಪೆನ್ನು

ಶಾಲಾ ಪತ್ರಿಕೆಯ ಜವಾಬ್ದಾರಿ ನಿಮ್ಮ ಮೇಲೆ ಬಿದ್ದಿದೆ, ಮಕ್ಕಳ ಬರಹ ಮೇಜಿನ ಮೇಲೆ ರಾಶಿ ಬಿದ್ದಿದೆ, ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಕವನವನ್ನೋ ಪ್ರವಾಸ ಕಥನವನ್ನೋ ಹಾಗೆ ಕೂತಲ್ಲೇ ತಿದ್ದಬಹುದು, ಆಟದ ವರದಿಯನ್ನು ಆಗದು. ನೀವು ಕಾಗುಣಿತ ಸರಿಮಾಡಿ ಅಚ್ಚಿಗೆ ಕಳಿಸುತ್ತೀರಿ, ತಪ್ಪು ಅಂಕ ಮಾತ್ರ ಶುದ್ಧ ಕನ್ನಡದಲ್ಲಿ ಅಚ್ಚಾಗಿ ಬರುತ್ತದೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದ ಬಾಲಕಿಯರ ಕಬಡ್ಡಿ ನೋಡಿ ಬಂದು ಹೀಗೆ ಬರೆದುಕೊಟ್ಟಳು ಎಂದಿಟ್ಟುಕೊಳ್ಳಿ:

"ನಿನ್ನೆ ನಡೆದ 40 ನಿಮಿಷದ ರೋಮಾಂಚಕ ಸೆಮಿಫೈನಲ್‌ನಲ್ಲಿ ನಮ್ಮ ಹುಡುಗಿಯರು ಸಿಂಹಿಣಿಯರಂತೆ ಹೋರಾಡಿ 32-27ರಿಂದ ಗೆದ್ದಿತು. ಮೊದಲಾರ್ಧದಲ್ಲಿ 14-17ರಿಂದ ಹಿಂದಿದ್ದ ತಂಡ ದ್ವಿತೀಯಾರ್ಧದಲ್ಲಿ 20 ಅಂಕ ಗಳಿಸಿತು. ರೈಡ್‌ನಿಂದ 18, ಟ್ಯಾಕಲ್‌ನಿಂದ 10 ಅಂಕ ಬಂದವು. ಕೊನೆಯಲ್ಲಿ ಎದುರಾಳಿಯವರು ನಾಲ್ವರೇ ಉಳಿದಿದ್ದಾಗ ನಾಯಕಿ ಬೋನಸ್ ತಂದಳು. ಕಾಲು ಉಳುಕಿಸಿಕೊಂಡು ಪಿಟಿ ಸರ್ ಬದಲಿ ಆಟಗಾರ್ತಿಯನ್ನು ಕಳಿಸಿದರು. ಅಂಪೈರ್ ಮೋಸ ಮಾಡದಿದ್ದರೆ ಇನ್ನೂ ದೊಡ್ಡ ಅಂತರದಿಂದ ಗೆಲ್ಲುತ್ತಿದ್ದೆವು. ಮಳೆ ಬಂದು ಗೆರೆ ಅಳಿಸಿಹೋಗಿದ್ದರಿಂದ ವಿರಾಮದಲ್ಲಿ ಮತ್ತೆ ಸುಣ್ಣ ಹಾಕಿದರು."

ಮೊದಲು ಅಂಕ ಕೂಡಿ ನೋಡಿ. ಒಟ್ಟು 32, ಮೊದಲಾರ್ಧದ್ದು 14 ಅಂದಮೇಲೆ ಉಳಿಯುವುದು 18, ಅವಳು ಬರೆದದ್ದು 20. ಇಲ್ಲಿ ಹೆಚ್ಚಿನವರು ಮಾಡುವ ಕೆಲಸವೇ ನನಗೆ ಸಿಟ್ಟು ತರಿಸುವುದು. 20ನ್ನು ಹೊಡೆದು 18 ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತೀರಿ. ತಪ್ಪಿರುವುದು 20ರಲ್ಲೇ ಎಂದು ನಿಮಗೆ ಹೇಳಿದವರು ಯಾರು? ಮೊದಲಾರ್ಧದ ಅಂಕ 12 ಇದ್ದರೂ ಲೆಕ್ಕ ಸರಿಹೋಗುತ್ತದೆ, ಒಟ್ಟು 34 ಇದ್ದರೂ ಸರಿಹೋಗುತ್ತದೆ. ಮೂರು ಸಂಖ್ಯೆಗಳಲ್ಲಿ ಯಾವುದು ತಪ್ಪು ಎಂಬುದು ಗೊತ್ತಾಗುವುದು ಸ್ಕೋರ್ ಶೀಟ್‌ನಲ್ಲಿ. ಅದರ ಪ್ರತಿಯನ್ನೋ ಫೋಟೊವನ್ನೋ ಪಿಟಿ ಸರ್ ಹತ್ತಿರ ಕೇಳಿ ತರಿಸಿಕೊಳ್ಳಿ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದಿದ್ದಾರೆ ಹಿರಿಯರು. ನೀವಂತೂ ಪಂದ್ಯವನ್ನು ಕಂಡೂ ಇಲ್ಲ.

ಇನ್ನೊಂದು ಕಡೆ, ಅವಳು ಸರಿಯಾಗಿ ಬರೆದದ್ದನ್ನು ನೀವು ಕೆಡಿಸುವ ಅಪಾಯವೂ ಇದೆ. ರೈಡ್‌ನ 18, ಟ್ಯಾಕಲ್‌ನ 10 ಸೇರಿದರೆ 28 ಆಗುತ್ತದೆ, 32 ಆಗುವುದಿಲ್ಲ ಎಂದು ಅಲ್ಲೂ ಪೆನ್ನು ಆಡಿಸಬೇಡಿ. ಎದುರಾಳಿ ತಂಡದ ಎಲ್ಲರೂ ಔಟ್ ಆದರೆ ಲೋನಾ ಎಂದು 2 ಅಂಕ ಹೆಚ್ಚಿಗೆ ಸಿಗುತ್ತದೆ. ಎರಡು ಲೋನಾ ಆಗಿದ್ದರೆ ಆ 4 ಅಂಕ ಅಲ್ಲಿದೆ. ಟೆಕ್ನಿಕಲ್ ಪಾಯಿಂಟ್ ಕೂಡ ಬೇರೆಯಾಗಿ ಬರುವುದುಂಟು. ಆದ್ದರಿಂದ ಹುಡುಗಿಯನ್ನು ಕರೆದು "ಎಷ್ಟು ಸಲ ಲೋನಾ ಆಯಿತಮ್ಮ?" ಎಂದು ಕೇಳಿ, ಆ ಉತ್ತರವನ್ನೂ ಶೀಟ್‌ಗೆ ಹಿಡಿದು ನೋಡಿ, ಹೊಂದಿದರೆ ವರದಿಗೆ ಸೇರಿಸಿ. ಪಂದ್ಯ ಯಾವಾಗ ತಿರುಗಿತು ಎಂಬ ಸುಳಿವು ಬಹುಮಟ್ಟಿಗೆ ಲೋನಾದಲ್ಲೇ ಇರುತ್ತದೆ, ಅವಳು ಅದನ್ನೇ ಬಿಟ್ಟಿದ್ದಾಳೆ.

ಬೋನಸ್‌ನ ಮಾತಿಗೆ ಬನ್ನಿ. ಎದುರಾಳಿ ಅಂಕಣದಲ್ಲಿ ಕನಿಷ್ಠ ಆರು ಮಂದಿ ಇದ್ದರೆ ಮಾತ್ರ ಬೋನಸ್ ಗೆರೆಗೆ ಬೆಲೆ. ನಾಲ್ವರೇ ಇದ್ದಾಗ ಬೋನಸ್ ತಂದಳು ಎನ್ನುವುದನ್ನು ಹಾಗೆಯೇ ಅಚ್ಚು ಹಾಕಿದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಯಿತು. ಕಬಡ್ಡಿ ಆಡುವ ಮಕ್ಕಳು ಓದಿ ನಕ್ಕಾರು. ಆದರೆ ನೀವು ಕಣ್ಣು ಕೆಂಪಗೆ ಮಾಡಿ "ಇದು ತಪ್ಪಲ್ಲವಾ?" ಎಂದರೆ ಮಗು ಹೆದರಿ ಹೌದು ಎಂದುಬಿಡುತ್ತದೆ, ನಿಜ ಅಲ್ಲಿಗೇ ಮುಚ್ಚಿಹೋಗುತ್ತದೆ. "ನೀನು ಕಣ್ಣಾರೆ ನೋಡಿದ್ದೇನು?" ಎಂದು ಕೇಳಿ. ನಾಯಕಿ ಒಬ್ಬಳನ್ನು ಮುಟ್ಟಿ ಬಂದಿರಬಹುದು, ಇಲ್ಲವೇ ಆಗ ಅಂಕಣದಲ್ಲಿ ಆರು ಮಂದಿಯೇ ಇದ್ದಿರಬಹುದು. ಯಾವುದೂ ಖಚಿತವಾಗದಿದ್ದರೆ ಆ ವಾಕ್ಯವನ್ನೇ ತೆಗೆಯಿರಿ, ವರದಿಗೆ ನಷ್ಟವಿಲ್ಲ.

40 ನಿಮಿಷ ಎಂಬುದು ಟಿವಿ ನೋಡಿ ಬಂದದ್ದು. ಪುರುಷರ ಪಂದ್ಯಕ್ಕೆ 20 ನಿಮಿಷದ ಎರಡು ಅವಧಿ, ಮಹಿಳೆಯರಿಗೆ ಮತ್ತು ಜೂನಿಯರ್ ಬಾಲಕಿಯರಿಗೆ 15 ನಿಮಿಷದ ಎರಡು. ದಿನಕ್ಕೆ ಹತ್ತಾರು ಪಂದ್ಯ ಮುಗಿಸಬೇಕಾದ ಕ್ರೀಡಾಕೂಟಗಳಲ್ಲಿ ಅದನ್ನೂ ಮೊಟಕು ಮಾಡುವುದುಂಟು, ಅದಕ್ಕೇ ಪಿಟಿ ಸರ್‌ನ ಕೇಳಿ. "ನಿನ್ನೆ" ಎಂಬುದನ್ನು ತೆಗೆದು ತಾರೀಕು ಹಾಕಿ. ಪತ್ರಿಕೆ ಮಕ್ಕಳ ಕೈಗೆ ಬರುವ ಹೊತ್ತಿಗೆ ಆ ನಿನ್ನೆ ಯಾವುದೆಂದು ಯಾರಿಗೆ ನೆನಪಿರುತ್ತದೆ?

ಭಾಷೆಯನ್ನು ಮುಟ್ಟುವುದು ಇಷ್ಟೆಲ್ಲ ಆದ ಮೇಲೆ. "ಹುಡುಗಿಯರು ಗೆದ್ದಿತು" ಎಂಬುದು ನಿಮ್ಮ ಕಣ್ಣಿಗೆ ತಾನಾಗಿ ಬೀಳುತ್ತದೆ: ತಂಡ ಗೆದ್ದಿತು, ಹುಡುಗಿಯರು ಗೆದ್ದರು. ತಪ್ಪಿಸಿಕೊಳ್ಳುವುದು "ಕಾಲು ಉಳುಕಿಸಿಕೊಂಡು ಪಿಟಿ ಸರ್" ಎಂಬಂಥದ್ದು. ಕಾಲು ಉಳುಕಿದ್ದು ಹುಡುಗಿಗೆ, ವಾಕ್ಯ ಓದಿದರೆ ಕುಂಟುತ್ತಿರುವವರು ಪಿಟಿ ಸರ್. "ಉಳುಕಿಸಿಕೊಂಡು", "ಓಡಿ", "ಹಿಡಿದು" ಎಂದು ಶುರುಮಾಡಿದರೆ ಆ ಕೆಲಸ ಯಾರದೋ ಕೊನೆಯ ಕ್ರಿಯಾಪದವೂ ಅವರದೇ ಆಗಿರಬೇಕು. ಆಟದ ವರದಿಯಲ್ಲಿ ಹತ್ತು ಮಂದಿ ಒಂದೇ ಸಲ ಓಡುತ್ತಿರುವುದರಿಂದ ಈ ತಪ್ಪು ಇಲ್ಲಿ ಹೆಚ್ಚು. "ರೈಡರ್ ಒಬ್ಬಳ ಕಾಲು ಉಳುಕಿತು. ಪಿಟಿ ಸರ್ ಬದಲಿ ಆಟಗಾರ್ತಿಯನ್ನು ಕಳಿಸಿದರು" ಎಂದು ಎರಡು ವಾಕ್ಯ ಮಾಡಿ. ರೈಡರ್ ಯಾರೆಂದು ಹೆಸರು ಹಾಕಿ. "ಅವಳು" ಎಂದು ಬಿಟ್ಟರೆ ಅಂಕಣದಲ್ಲಿ ಇರುವವರೆಲ್ಲ ಅವಳೇ. ಹೆಸರಿನ ಕಾಗುಣಿತವನ್ನು ಹಾಜರಿ ಪುಸ್ತಕಕ್ಕೆ ಹಿಡಿದು ನೋಡಿ, ಎದುರಾಳಿ ಶಾಲೆಯ ಹುಡುಗಿಯರ ಹೆಸರಿಗೂ ಅಷ್ಟೇ ಕಾಳಜಿ ಮಾಡಿ.

ಅಂಪೈರ್ ಮೋಸದ ಮಾತನ್ನು ಕಿತ್ತುಹಾಕಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರಂತೂ ಗೆದ್ದೂ ಡೊಂಕು ಅನ್ನುತ್ತಿದ್ದಾರೆ! ನಿರ್ಣಯವೊಂದನ್ನು ನಾಯಕಿ ಪ್ರಶ್ನಿಸಿದ್ದರೆ ಯಾವ ನಿರ್ಣಯ, ರೆಫರಿ ಏನು ಹೇಳಿದರು ಎಂಬಷ್ಟನ್ನೇ ಇಡಿ.

ಹಾಗೆಂದು ಎಲ್ಲವನ್ನೂ ಕೆರೆದು ನಿಮ್ಮ ಬರಹ ಮಾಡಿಬಿಡಬೇಡಿ. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ ಕಥೆಯಾಗುತ್ತದೆ. "ರೋಮಾಂಚಕ", "ಸಿಂಹಿಣಿಯರಂತೆ" ಎರಡೂ ಹೋಗಲಿ, ಅವು ಅವಳವಲ್ಲ, ಎಲ್ಲರವು. ಮಳೆಗೆ ಗೆರೆ ಅಳಿಸಿ ಮತ್ತೆ ಸುಣ್ಣ ಹಾಕಿದ್ದು ಮಾತ್ರ ಅಂಗಳದ ಪಕ್ಕದಲ್ಲಿ ನಿಂತವಳಿಗಷ್ಟೇ ಕಂಡದ್ದು. ಅದನ್ನು ಕೊನೆಯಿಂದ ಎತ್ತಿ ಮೇಲಕ್ಕೆ ತನ್ನಿ. ಶೀಟ್‌ನಲ್ಲಿ 14-17 ಮತ್ತು 32-27 ಎಂದೇ ಇದ್ದರೆ ಶುರು ಹೀಗಾಗಬಹುದು:

"ತಾಲ್ಲೂಕು ಮಟ್ಟದ ಪ್ರೌಢಶಾಲಾ ಬಾಲಕಿಯರ ಕಬಡ್ಡಿ ಸೆಮಿಫೈನಲ್‌ನಲ್ಲಿ ನಮ್ಮ ಶಾಲೆಯ ತಂಡ 32-27ರಿಂದ ಗೆದ್ದು ಫೈನಲ್ ತಲುಪಿತು. ಮಳೆಗೆ ಅಳಿಸಿದ್ದ ಗೆರೆಗಳಿಗೆ ವಿರಾಮದಲ್ಲಿ ಮತ್ತೆ ಸುಣ್ಣ ಹಾಕುವಾಗ ನಮ್ಮವರು 14-17ರಿಂದ ಹಿಂದಿದ್ದರು. ಆಮೇಲೆ ಅವರು 18 ಅಂಕ ತಂದರು, ಎದುರಾಳಿಗೆ ಸಿಕ್ಕಿದ್ದು 10."

ಇದಕ್ಕೆ ತಾರೀಕು, ಮೈದಾನ, ಎದುರಾಳಿ ಶಾಲೆಯ ಹೆಸರು ಸೇರಿಸಿ. ಅಚ್ಚಿಗೆ ಕಳಿಸುವ ಮುಂಚೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ, "ಹೀಗೆ ಆಗಲಿಲ್ಲ ಮೇಡಂ" ಎಂದು ಅವಳು ತಡೆದ ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಚಿತ್ರದ ಕೆಳಗಿನ ಸಾಲನ್ನು ಮರೆಯಬೇಡಿ, ಅದನ್ನು ಯಾರೂ ತಿದ್ದುವುದಿಲ್ಲ. ಎಡದಿಂದ ಬಲಕ್ಕೆ ಏಳು ಹೆಸರು ಬರೆದು ಚಿತ್ರದಲ್ಲಿ ಎಂಟು ಮಂದಿ ನಿಂತಿದ್ದರೆ, ಬಿಟ್ಟುಹೋದ ಮಗುವಿನ ಅಮ್ಮ ಮರುದಿನ ಬೆಳಿಗ್ಗೆಯೇ ಸ್ಟಾಫ್ ರೂಮಿಗೆ ಬರುತ್ತಾರೆ.